ಜೂನ್ 22ಕ್ಕೆ ಕೆಲಸಕ್ಕೆ ಸೇರಿದರೆ ಮೊದಲ ಸಂಬಳ ಯಾವತ್ತು? ಅಲ್ಲಿಯವರೆಗೆ 30 ಸಾವಿರ ಸಾಕಾ?

ಪ್ರಶ್ನೆ: ಹಾವೇರಿ ಹತ್ತಿರದ ಹಳ್ಳಿಯವನು. ಬೆಂಗಳೂರಲ್ಲಿ ಮೊದಲ ಕೆಲಸ ಸಿಕ್ಕಿದೆ, ವರ್ಷಕ್ಕೆ 3.6 ಲಕ್ಷ. ಜೂನ್ 22ಕ್ಕೆ ಸೇರಬೇಕು. ಕೈಯಲ್ಲಿರೋದು 30 ಸಾವಿರ, ಮನೇಲಿ ಮತ್ತೆ ಕೇಳೋ ಪರಿಸ್ಥಿತಿ ಇಲ್ಲ. ಮೊದಲ ಸಂಬಳ ಬರೋವರೆಗೆ ಹೇಗೆ ಸಂಭಾಳಿಸೋದು?

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪೇರೋಲ್ ನೋಡಿಕೊಳ್ಳುತ್ತೇನೆ, ಅಂದರೆ ಪ್ರತಿ ತಿಂಗಳು ಎಲ್ಲರ ಸಂಬಳದ ಲೆಕ್ಕ ಹಾಕಿ ಬ್ಯಾಂಕಿಗೆ ಕಳಿಸುವ ಕೆಲಸ. ಹೊಸದಾಗಿ ಸೇರಿದವರು ತಿಂಗಳ ಕೊನೆಗೆ ಬಂದು "ಮೇಡಂ, ನನ್ನ ಸಂಬಳ ಬಂದಿಲ್ಲ" ಅಂತ ನಿಂತುಕೊಳ್ಳುವುದನ್ನು ಆಗಾಗ ನೋಡುತ್ತೇನೆ, ನೋಡಿ ಸಂಕಟವೂ ಆಗುತ್ತದೆ. ಹಾಗಾಗಿ ನಿಮ್ಮ ತಾರೀಕು, ನಿಮ್ಮ ದುಡ್ಡು ಇಟ್ಟುಕೊಂಡೇ ಲೆಕ್ಕ ಹಾಕುತ್ತೇನೆ.

ಸಂಬಳದ ಲೆಕ್ಕ ತಿಂಗಳ ಕೊನೆಯ ದಿನ ಕೂತು ಮಾಡುವುದಲ್ಲ. ಯಾರು ಸೇರಿದರು, ಯಾರು ಬಿಟ್ಟರು, ಯಾರಿಗೆ ಎಷ್ಟು ರಜೆ ಎಂಬ ಪಟ್ಟಿಯನ್ನು ಒಂದು ತಾರೀಕಿಗೆ ಮುಚ್ಚಿಬಿಡುತ್ತಾರೆ. ಅದಕ್ಕೆ ಕಟ್‌ಆಫ್ ಅನ್ನುತ್ತಾರೆ. ಒಂದು ಕಡೆ 15, ಇನ್ನೊಂದು ಕಡೆ 20, ಮತ್ತೊಂದು ಕಡೆ 25, ಕಂಪನಿಯಿಂದ ಕಂಪನಿಗೆ ಬೇರೆ. ಅದಾದ ಮೇಲೆ ಸೇರಿದವರ ಹೆಸರು ಆ ತಿಂಗಳ ಪಟ್ಟಿಗೆ ಬರುವುದಿಲ್ಲ. ನಿಮ್ಮ ಕಂಪನಿಯ ಕಟ್‌ಆಫ್ 20 ಆಗಿದ್ದರೆ ಜೂನ್ 30ಕ್ಕೆ ನಿಮಗೆ ಏನೂ ಬರುವುದಿಲ್ಲ. ಜೂನಿನ ಒಂಬತ್ತು ದಿನದ ಸಂಬಳ ಬಾಕಿ ಅಂತ ಜುಲೈ ಸಂಬಳದ ಜೊತೆ ಸೇರಿ ಜುಲೈ 31ಕ್ಕೆ ಬರುತ್ತದೆ. ದುಡ್ಡು ಎಲ್ಲಿಗೂ ಹೋಗಲ್ಲ, ಆದರೆ ತಡವಾಗುತ್ತದೆ. ಜೂನ್ 20ರ ಶನಿವಾರವೇ ನೀವು ಬೆಂಗಳೂರಿಗೆ ಬಂದಿಳಿದರೆ 42 ದಿನ ಈ 30 ಸಾವಿರದಲ್ಲೇ ಕಳೆಯಬೇಕು. "ಒಂದು ತಿಂಗಳು ಹೇಗೋ ಆಗುತ್ತೆ" ಅಂದುಕೊಂಡು ಬಂದವರ ಕೈ ಖಾಲಿಯಾಗುವುದು ಈ ಕೊನೆಯ ಹತ್ತು ಹನ್ನೆರಡು ದಿನಗಳಲ್ಲೇ.

ಆದ್ದರಿಂದ ಊರು ಬಿಡುವ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ ಎರಡು ವಿಷಯ ಕೇಳಿ. 22ಕ್ಕೆ ಸೇರಿದರೆ ಜೂನ್ ಸಂಬಳ ಜೂನಿನಲ್ಲೇ ಬರುತ್ತಾ ಅಥವಾ ಜುಲೈನಲ್ಲಿ ಬಾಕಿಯಾಗಿ ಬರುತ್ತಾ? ಸಂಬಳ ಖಾತೆಗೆ ಬೀಳುವ ತಾರೀಕು ಯಾವುದು? ಕೇಳಿದರೆ ತಪ್ಪು ತಿಳಿಯುತ್ತಾರೇನೋ ಅನ್ನುವ ಸಂಕೋಚ ಬೇಡ. ನಮಗೆ ದಿನವೂ ಬರುವ ಪ್ರಶ್ನೆ ಇದು. ಉತ್ತರ ಬರುವವರೆಗೆ ಜುಲೈ 31 ಅಂತಲೇ ಹಿಡಿದುಕೊಳ್ಳಿ.

ಈಗ ದೊಡ್ಡ ಖರ್ಚು, ಪಿಜಿ. ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಯಾವ ತಾರೀಕಿನಿಂದ ಯಾವ ತಾರೀಕಿಗೆ ಅಂತ ಕೇಳುವವರು ಕಡಿಮೆ. ನಿಮ್ಮ ವಿಷಯದಲ್ಲಿ ಇದೇ ಮುಖ್ಯ. ಮೂರು ಜನರ ಶೇರಿಂಗ್ ರೂಮು, ಊಟ ಸೇರಿ ತಿಂಗಳಿಗೆ 7,500, ಅಡ್ವಾನ್ಸ್ 5,000 ಅಂತ ಇಟ್ಟುಕೊಳ್ಳೋಣ. ಏರಿಯಾ ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ. ಕೆಲವು ಪಿಜಿಗಳಲ್ಲಿ ಸೇರಿದ ದಿನದಿಂದ ತಿಂಗಳು ಲೆಕ್ಕ. ಹಾಗಾದರೆ ಜೂನ್ 20ಕ್ಕೆ 7,500, ಜುಲೈ 20ಕ್ಕೆ ಮತ್ತೆ 7,500. ಎರಡನೇ ಬಾಡಿಗೆ ಕಟ್ಟುವಾಗ ಸಂಬಳ ಇನ್ನೂ ಹನ್ನೊಂದು ದಿನ ದೂರ. ಅಡ್ವಾನ್ಸ್ ಸೇರಿ 20,000 ಹೋಯಿತು.

ಅದೇ ಪಿಜಿಯವರನ್ನು ಹೀಗೆ ಕೇಳಿ: "ಜೂನಿಗೆ ಹನ್ನೊಂದು ದಿನದ್ದು ಕೊಡ್ತೀನಿ, ಜುಲೈಯಿಂದ ಒಂದನೇ ತಾರೀಕಿನ ಲೆಕ್ಕ ಮಾಡಿಕೊಳ್ಳಿ ಅಣ್ಣ." ಜೂನಿಗೆ 2,750, ಜುಲೈಗೆ 7,500, ಒಟ್ಟು 10,250. ಅಡ್ವಾನ್ಸ್ ಸೇರಿದರೆ 15,250. ಸಂಬಳಕ್ಕೆ ಮೊದಲು ಕೈಬಿಡುವ ದುಡ್ಡಿನಲ್ಲಿ 4,750 ಉಳಿಯಿತು, ಮುಂದಿನ ಬಾಡಿಗೆ ಆಗಸ್ಟ್ 1ಕ್ಕೆ, ಸಂಬಳ ಬಂದ ಮರುದಿನ. ಒಪ್ಪುವವರು ಸಿಗುತ್ತಾರೆ, ಯಾಕೆಂದರೆ ಎಲ್ಲರ ಬಾಡಿಗೆ ಒಂದೇ ತಾರೀಕಿಗೆ ಬಂದರೆ ಅವರಿಗೂ ಲೆಕ್ಕ ಸುಲಭ. ಒಪ್ಪದಿದ್ದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಪಿಜಿ ಇರುತ್ತದೆ.

ಅಡ್ವಾನ್ಸ್ ಬಗ್ಗೆಯೂ ಅಲ್ಲೇ ನಿಂತು ಮೂರು ಮಾತು ಕೇಳಿ. ಬಿಟ್ಟು ಹೋಗುವಾಗ ಮೆಂಟೆನೆನ್ಸ್ ಅಂತ ಎಷ್ಟು ಹಿಡಿದುಕೊಳ್ಳುತ್ತೀರಿ? ಎಷ್ಟು ದಿನ ಮೊದಲು ಹೇಳಬೇಕು? ಕರೆಂಟ್ ಬಿಲ್ ಬೇರೆಯಾ? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ, ದುಡ್ಡನ್ನು ಯುಪಿಐಯಲ್ಲಿ ಕಳಿಸಿ. ಫೋಟೊ ನೋಡಿ ಊರಿಂದಲೇ ಅಡ್ವಾನ್ಸ್ ಹಾಕಬೇಡಿ. ಮೊದಲ ಒಂದೆರಡು ರಾತ್ರಿ ಸ್ನೇಹಿತನ ರೂಮಿನಲ್ಲೋ, ದಿನದ ಲೆಕ್ಕದಲ್ಲಿ ಇರಿಸಿಕೊಳ್ಳುವ ಪಿಜಿಯಲ್ಲೋ ಇದ್ದು, ರಾತ್ರಿ ಊಟದ ಹೊತ್ತಿಗೆ ಹೋಗಿ ನೋಡಿ. ಆಗ ಊಟ ಹೇಗಿದೆ, ನೀರು ಬರುತ್ತಾ, ಅಲ್ಲಿರುವ ಹುಡುಗರು ಏನಂತಾರೆ ಎಲ್ಲವೂ ಒಟ್ಟಿಗೆ ಗೊತ್ತಾಗುತ್ತದೆ. ಬೆಳಗಿನ ತಿಂಡಿ ಹೊತ್ತಿಗೆ ಮಧ್ಯಾಹ್ನಕ್ಕೂ ಡಬ್ಬಿ ಕಟ್ಟಿಕೊಳ್ಳಲು ಬಿಡುತ್ತಾರಾ ಅಂತಲೂ ವಿಚಾರಿಸಿ. 300 ರೂಪಾಯಿ ಬಾಡಿಗೆ ಹೆಚ್ಚಾದರೂ ಡಬ್ಬಿ ಕೊಡುವ ಪಿಜಿಯೇ ನಿಮಗೆ ಅಗ್ಗ.

15,250 ಕಳೆದರೆ ಉಳಿದದ್ದು 14,750. ಬಸ್ ಚಾರ್ಜು, ಬಕೆಟ್ಟು, ಬೆಡ್‌ಶೀಟು, ಬೀಗ, ಒಂದು ಜೊತೆ ಶೂ ಅಂತ 2,250 ತೆಗೆಯಿರಿ. ಬೆಡ್‌ಶೀಟು, ಟವೆಲ್ಲು, ಊಟದ ಡಬ್ಬಿ ಮನೆಯಿಂದಲೇ ತಂದರೆ ಇದೂ ಕಡಿಮೆಯಾಗುತ್ತದೆ. ಮಿಕ್ಕ 12,500ರಲ್ಲಿ 3,000 ಬೇರೆ ಖಾತೆಯಲ್ಲಿಡಿ, ಆ ಖಾತೆ ಯುಪಿಐಗೆ ಜೋಡಣೆ ಆಗಿರಬಾರದು. ಅದು ಜ್ವರ ಬಂದರೆ ಡಾಕ್ಟರಿಗೆ, ಅಥವಾ ಊರಿಗೆ ತುರ್ತಾಗಿ ಹೋಗಬೇಕಾದರೆ. ಉಳಿದ 9,500 ಅನ್ನು 42 ದಿನಕ್ಕೆ ಹಂಚಿದರೆ ದಿನಕ್ಕೆ 226 ರೂಪಾಯಿ.

ಅದು ಸಾಕಾ? ಪಿಜಿಯಲ್ಲಿ ತಿಂಡಿ, ರಾತ್ರಿ ಊಟ ಇದ್ದರೆ ಸಾಕು. ಮಧ್ಯಾಹ್ನದ ಊಟಕ್ಕೆ 80, ಓಡಾಟಕ್ಕೆ 60, ಕಾಫಿ ಟೀಗೆ 30 ಅಂದರೆ 170. ಮಿಕ್ಕಿದ್ದು ಮೊಬೈಲ್ ರೀಚಾರ್ಜು, ಸೋಪು, ಕಟಿಂಗಿಗೆ. ದುಡ್ಡು ತೀರಾ ಬಿಗಿಯಾದ ದಿನ ಇಂದಿರಾ ಕ್ಯಾಂಟೀನ್ ಇದೆ, ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಲ್ಲಿ ನಿಲ್ಲಲು ನಾಚಿಕೆ ಪಡುವಂಥದ್ದು ಏನೂ ಇಲ್ಲ. ಓಡಾಟದ ಖರ್ಚು ಪಿಜಿ ಎಲ್ಲಿದೆ ಎಂಬುದರ ಮೇಲೆ ನಿಂತಿದೆ, ಆದ್ದರಿಂದ ನಡೆದು ಹೋಗುವ ದೂರದಲ್ಲಿ ಅಥವಾ ಒಂದೇ ಬಸ್ಸಿನ ದಾರಿಯಲ್ಲಿ ಹುಡುಕಿ. ಇದನ್ನು ಓದುವ ಹೆಣ್ಣುಮಕ್ಕಳಿಗೆ ಒಂದು ಮಾತು: ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ಹಣವನ್ನು ದಿನದ ಲೆಕ್ಕಕ್ಕಿಂತ ವಾರದ ಲೆಕ್ಕದಲ್ಲಿ ನೋಡುವುದು ಸುಲಭ. ಪ್ರತಿ ಸೋಮವಾರ 1,500 ಮಾತ್ರ ಯುಪಿಐ ಖಾತೆಗೆ ಹಾಕಿಕೊಳ್ಳಿ. ಆರು ವಾರಕ್ಕೆ 9,000 ಆಗುತ್ತದೆ, 500 ಕೈಯಲ್ಲಿ ಉಳಿಯುತ್ತದೆ. ಗುರುವಾರವೇ ಖಾಲಿಯಾದರೆ ಎಲ್ಲಿ ಹೋಯಿತು ಅಂತ ಆ ವಾರವೇ ಗೊತ್ತಾಗುತ್ತದೆ. ಹೊಸ ಆಫೀಸಿನಲ್ಲಿ ಸಾಮಾನ್ಯವಾಗಿ ಹೋಗುವುದು ಟೀಮಿನವರ ಜೊತೆಗಿನ ಹೊರಗಿನ ಊಟದಲ್ಲಿ. "ಸಂಬಳ ಆದ ಮೇಲೆ ಬರ್ತೀನಿ" ಅಂತ ನೇರವಾಗಿ ಹೇಳಿ. ಅಲ್ಲಿ ಕೂತಿರುವ ಎಷ್ಟೋ ಮಂದಿ ಇದೇ ತಿಂಗಳನ್ನು ದಾಟಿ ಬಂದವರೇ.

ಇನ್ನು ನನ್ನ ಮೇಜಿನ ಮೇಲೆ ಪದೇ ಪದೇ ಕಾಣುವ ತೊಂದರೆ, ಬ್ಯಾಂಕ್ ಖಾತೆ. ಪಟ್ಟಿಯಲ್ಲಿ ಹೆಸರಿದ್ದರೂ ಖಾತೆ ಸರಿಯಿಲ್ಲ ಅಂತ ಸಂಬಳ ನಿಲ್ಲುವುದುಂಟು. ಕಾಲೇಜಿನಲ್ಲಿದ್ದಾಗ ತೆಗೆದ ಹಳೆಯ ಖಾತೆ ಕೊಡುತ್ತಾರೆ, ಅದರಲ್ಲಿ ಎರಡು ವರ್ಷದಿಂದ ಯಾವ ವ್ಯವಹಾರವೂ ಆಗಿರುವುದಿಲ್ಲ, ಬ್ಯಾಂಕ್ ಅದನ್ನು ನಿಷ್ಕ್ರಿಯ ಅಂತ ಮಾಡಿರುತ್ತದೆ. ಆ ಬ್ಯಾಂಕಿಗೆ ಕೆವೈಸಿ ಕೊಟ್ಟು ಚಾಲೂ ಮಾಡಿಸಬೇಕಾಗುತ್ತದೆ. ಬೆಂಗಳೂರಿಗೆ ಬಂದ ಮೇಲೆ ಅದಕ್ಕಾಗಿ ರಜೆ ಹಾಕಿ ಓಡಾಡುವುದಕ್ಕಿಂತ ಈಗಲೇ ಮುಗಿಸಿ. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯಾ, ತಂದೆ ಹೆಸರಿನ ಇನಿಶಿಯಲ್ ಒಂದರಲ್ಲಿ ಮುಂದೆ ಇನ್ನೊಂದರಲ್ಲಿ ಹಿಂದೆ ಇದೆಯಾ ಅಂತ ನೋಡಿ. ಪಿಎಫ್ ಖಾತೆಗೂ ಅದು ಬೇಕು. ಕಂಪನಿಯೇ ಹೊಸ ಸಂಬಳ ಖಾತೆ ತೆರೆಸುವುದಾದರೆ ಮೊದಲ ದಿನವೇ ಫಾರ್ಮ್ ತುಂಬಿ, ನಂಬರ್ ಬಂದ ತಕ್ಷಣ ಎಚ್‌ಆರ್‌ಗೆ ಮೇಲ್ ಮಾಡಿ. ಜುಲೈ ಕಟ್‌ಆಫ್ ದಾಟಿದರೆ ಮತ್ತೆ ಅದೇ ಗೋಳು.

ಇಷ್ಟು ಮಾಡಿಯೂ ದುಡ್ಡು ಸಾಲದಿದ್ದರೆ ಮೊದಲು ಕಂಪನಿಯಲ್ಲೇ ಸ್ಯಾಲರಿ ಅಡ್ವಾನ್ಸ್ ಕೇಳಿ. ಕೊಡುವ ಪದ್ಧತಿ ಇರುವ ಕಡೆ ಮುಂದಿನ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆ ಮಾತ್ರ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. 10,000 ಮಂಜೂರು ಅನ್ನುತ್ತದೆ, ಪ್ರೊಸೆಸಿಂಗ್ ಅಂತ 2,500 ಮುರಿದುಕೊಂಡು ಕೈಗೆ 7,500 ಬರುತ್ತದೆ ಅಂದುಕೊಳ್ಳಿ. 15 ದಿನಕ್ಕೆ 10,000 ವಾಪಸ್ ಕಟ್ಟಬೇಕಾದರೆ, ಪಡೆದ ದುಡ್ಡಿನ ಮೂರನೇ ಒಂದು ಭಾಗ ಅರ್ಧ ತಿಂಗಳಿಗೇ ಬಡ್ಡಿ. ಆ ಹದಿನೈದನೇ ದಿನವೂ ನಿಮಗೆ ಸಂಬಳ ಬಂದಿರುವುದಿಲ್ಲ, ಅದನ್ನು ತೀರಿಸಲು ಇನ್ನೊಂದು ಆ್ಯಪ್. ಆರ್‌ಬಿಐ ನಿಯಮದ ಪ್ರಕಾರ ಸಾಲದ ಒಟ್ಟು ವಾರ್ಷಿಕ ದರವನ್ನು ಮೊದಲೇ ಬರಹದಲ್ಲಿ ತೋರಿಸಬೇಕು, ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈಹಾಕುವಂತಿಲ್ಲ. ಕಾಂಟ್ಯಾಕ್ಟ್ ಅನುಮತಿ ಕೇಳಿತೆಂದರೆ ಅಲ್ಲೇ ಅಳಿಸಿಹಾಕಿ. ಅಪ್ಪನ ಹತ್ತಿರ ಕೇಳಲು ಮನಸ್ಸು ಒಪ್ಪುವುದಿಲ್ಲ ನಿಜ, ಆದರೆ ಮನೆಯಲ್ಲಿ ಸಾಧ್ಯವಿದ್ದರೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಸಣ್ಣ ಚಿನ್ನದ ಸಾಲ ಇದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಯದು.

ಜುಲೈ 31ಕ್ಕೆ ಎಷ್ಟು ಬರಬಹುದು? 3.6 ಲಕ್ಷ ಅಂದರೆ ತಿಂಗಳಿಗೆ 30,000 ಕೈಗೆ ಬರುವುದಿಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ನಿಮ್ಮ ಪಾಲಿನ ಪಿಎಫ್ ಮತ್ತು 200 ರೂಪಾಯಿ ವೃತ್ತಿ ತೆರಿಗೆಯೂ ಕಳೆದರೆ 25 ಸಾವಿರದ ಆಸುಪಾಸು. ಜೂನಿನ ಒಂಬತ್ತು ದಿನದ್ದು ಸುಮಾರು 7,500 ಸೇರಿ 32,500ರ ಹತ್ತಿರ ಬರುತ್ತದೆ. ಆ ಹೆಚ್ಚುವರಿ 7,500 ಒಮ್ಮೆ ಮಾತ್ರ ಬರುವುದು, ಆಗಸ್ಟ್ ಕೊನೆಗೆ ಮತ್ತೆ 25 ಸಾವಿರವೇ.

ಎಚ್‌ಆರ್ ಉತ್ತರದಲ್ಲಿ ಕಟ್‌ಆಫ್ 25 ಅಂತ ಬಂದರೆ ನಿಮ್ಮ ದಾರಿ ಸಲೀಸು. ಜೂನ್ 30ಕ್ಕೇ ಆ 7,500 ಬರುತ್ತದೆ, ಜುಲೈ ಬಾಡಿಗೆ ಅದರಲ್ಲೇ ಮುಗಿಯುತ್ತದೆ. ಆಗ ಮೂರರ ಬದಲು ಇಬ್ಬರ ಶೇರಿಂಗ್ ರೂಮು ನೋಡಬಹುದು. ಉತ್ತರ ಬಂದ ಮೇಲೆ ಇಲ್ಲೇ ಬರೆಯಿರಿ, ಲೆಕ್ಕ ತಿದ್ದಿಕೊಡುತ್ತೇನೆ.