ಇಲಿ ಕಡಿದ ನೋಟು, ಕಣ್ಣಳತೆ ಲೆಕ್ಕ

“ಸಂಪಾದಕರೇ, ಅಕ್ಕಿ ಮೂಟೆ ಹಿಂದೆ ಬಚ್ಚಿಟ್ಟಿದ್ದ 500ರ ನೋಟಿನ ಒಂದು ಮೂಲೆ ಇಲಿ ತಿಂದಿದೆ. ಬ್ಯಾಂಕಲ್ಲಿ ನೋಡಿದ ತಕ್ಷಣ ‘250 ಬರುತ್ತೆ ಅಷ್ಟೇ’ ಅಂದ್ರು. ನಾನು ವಾಪಸ್ ತಂದೆ. ಸರಿ ಮಾಡಿದ್ನಾ? – ಓದುಗರು, ಸಕಲೇಶಪುರ”

ವಾಪಸ್ ತಂದಿದ್ದು ಒಳ್ಳೇದೇ ಆಯ್ತಮ್ಮ, ಆದ್ರೆ ಬರೋವಾಗ “ಅಳತೆ ಮಾಡಿ ತೋರ್ಸಿ” ಅಂತ ಒಂದು ಮಾತು ಕೇಳ್ಬೇಕಿತ್ತು. ಕೌಂಟರಲ್ಲಿ ಕೂತವರಿಗೂ ಕಷ್ಟ ಇದೆ, ಸಂತೆ ದಿನ ಕ್ಯೂ ಬಾಗಿಲು ದಾಟಿರುತ್ತೆ, ಒಪ್ಪೋಣ. ಆದ್ರೆ ಹರಿದ ನೋಟಿಗೆ ಎಷ್ಟು ಕೊಡ್ಬೇಕು ಅನ್ನೋದು ಯಾರ ಮನಸ್ಸಿಗೂ ಬಿಟ್ಟಿದ್ದಲ್ಲ, ರಿಸರ್ವ್ ಬ್ಯಾಂಕ್ 2009ರಲ್ಲೇ ರೂಲ್ಸ್ ಮಾಡಿದೆ, ಹೊಸ ಸೈಜಿನ ನೋಟು ಬಂದ್ಮೇಲೆ 2018ರಲ್ಲಿ ತಿದ್ದಿದೆ, ಅದರ ಪ್ರಕಾರ ಉಳಿದಿರೋ ತುಂಡಿನ ವಿಸ್ತೀರ್ಣ ನೋಡ್ಬೇಕು.

ಮನೇಲಿ ಮಗುವಿನ ಜಾಮಿಟ್ರಿ ಬಾಕ್ಸಿಂದ ಸ್ಕೇಲ್ ತಗೊಳ್ಳಿ. ಈಗಿನ 500ರ ನೋಟು 15 ಸೆಂಟಿಮೀಟರ್ ಉದ್ದ, 6.6 ಅಗಲ, ಒಟ್ಟು 99 ಚದರ ಸೆಂ.ಮೀ. ಒಂದೇ ತುಂಡಾಗಿ ಉಳಿದಿರೋದು 80 ಇದ್ರೆ ಪೂರ್ತಿ 500, 80ಕ್ಕಿಂತ ಕಮ್ಮಿ ಆಗಿ 40 ಇದ್ರೆ ಅರ್ಧ, ಅದಕ್ಕೂ ಕಮ್ಮಿ ಆದ್ರೆ ಏನೂ ಇಲ್ಲ. ಈಗ ನಿಮ್ಮ ಇಲಿ ಉದ್ದಕ್ಕೆ 6, ಅಗಲಕ್ಕೆ 5 ಸೆಂ.ಮೀ. ಮೂಲೆ ತಿಂದಿದೆ ಅಂದ್ಕೊಳ್ಳಿ. ನೋಡೋಕೆ ಭಯ ಆಗುತ್ತೆ, ಆದ್ರೆ ಅದು ತ್ರಿಕೋನ, ಹೋಗಿರೋದು 15 ಅಷ್ಟೇ, ಉಳಿದಿದ್ದು 84, ಪೂರ್ತಿ ದುಡ್ಡು ಬರ್ಬೇಕು. ಅದೇ ಇಲಿ ಒಂದು ತುದೀನ ನೇರವಾಗಿ ಮೂರೂವರೆ ಸೆಂ.ಮೀ. ತಿಂದಿದ್ರೆ ಉಳಿಯೋದು 75.9, ಆಗ 250ರ ಮಾತು ನ್ಯಾಯವೇ. ಕಣ್ಣಳತೇಲಿ ಎರಡೂ ಒಂದೇ ಥರ ಕಾಣುತ್ತೆ, ಸ್ಕೇಲಿಗೆ ಕಾಣಲ್ಲ.

ಇನ್ನೊಂದು, ಸೆಲೋಟೇಪ್ ಹಚ್ಬೇಡಿ, ನಾನು ಹೇಳಿ ಹೇಳಿ ಸಾಕಾಗಿದೆ. ಅಂಟಿಸಿದ್ರೂ ಲೆಕ್ಕಕ್ಕೆ ಬರೋದು ದೊಡ್ಡ ತುಂಡೇ, ಟೇಪ್ ಬಿಡಿಸೋವಾಗ ಮತ್ತಷ್ಟು ಹರಿಯುತ್ತೆ. ಹರಿದು ಎರಡಾಗಿ ಏನೂ ಕಳೆದಿಲ್ಲ ಅಂದ್ರೆ ಅದು ಕೊಳೆ ನೋಟಿನ ಲೆಕ್ಕ, ಪೂರ್ತಿ ಕೊಡ್ತಾರೆ. 20 ರೂಪಾಯಿ, ಅದಕ್ಕಿಂತ ಕೆಳಗಿನ ನೋಟಿಗೆ ಅರ್ಧ ಅನ್ನೋದೇ ಇಲ್ಲ, ಅರ್ಧಕ್ಕಿಂತ ಜಾಸ್ತಿ ಉಳಿದಿದ್ರೆ ಪೂರ್ತಿ, ಇಲ್ಲಾಂದ್ರೆ ಸೊನ್ನೆ.

ಹಾಸನದ ಒಂದು ಬ್ರಾಂಚಲ್ಲಿ ನನಗೇ “ನಿಮ್ಮ ಅಕೌಂಟ್ ಇಲ್ಲಿಲ್ಲ, ಬೇರೆ ಕಡೆ ಹೋಗಿ” ಅಂದಿದ್ರು. ಅಕೌಂಟ್ ಬೇಕಿಲ್ಲ, ಯಾವ ಬ್ರಾಂಚಾದ್ರೂ ತಗೊಳ್ಬೇಕು! ಹೀಗೆ ಅಟ್ಟಿದ್ದಕ್ಕೇ ನೋಡಿ, ಬಸ್ ಸ್ಟ್ಯಾಂಡ್ ಹತ್ರ ಕಮಿಷನ್ ಇಟ್ಕೊಂಡು ಹರಕು ನೋಟು ಕೊಳ್ಳೋರ ವ್ಯಾಪಾರ ಇನ್ನೂ ನಡೀತಿರೋದು. ಕೂಲಿ ಮಾಡೋರು ಒಂದು ದಿನ ರಜಾ ಹಾಕಿ ಬ್ಯಾಂಕಿಗೆ ಬಂದು ಇಂಥ ಮಾತು ಕೇಳ್ಬೇಕಾ?

ಸ್ಕೇಲ್ ಬ್ಯಾಗಲ್ಲಿ ಹಾಕ್ಕೊಂಡು ಸೋಮವಾರ ಹೋಗಿ. ಕೊಡಲ್ಲ ಅಂದ್ರೆ ಮ್ಯಾನೇಜರ್‌ಗೆ ಅರ್ಜಿ ಬರೆದು, ಸೀಲ್ ಹಾಕಿದ ಕಾಪಿ ಇಸ್ಕೊಳ್ಳಿ. 30 ದಿನದಲ್ಲಿ ಉತ್ತರ ಬರ್ಲಿಲ್ಲಾಂದ್ರೆ cms.rbi.org.in ನಲ್ಲಿ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡ್ಬಹುದು.