ಕುಂದಾ ಆಮೇಲೆ, ಮೊದಲು ಮೆಸೇಜ್

ಪ್ರಶ್ನೆ: ಪರಿಚಯದವರು ನನ್ನ ಹೆಸರು ಹೇಳಿದ್ದರಿಂದ ಬೆಳಗಾವಿ ಉದ್ಯಮಬಾಗದ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಆಯಿತು. ಥ್ಯಾಂಕ್ಸ್ ಈಗಲೇ ಹೇಳಲಾ, ರಿಸಲ್ಟ್ ಬಂದ ಮೇಲಾ? ಸೆಲೆಕ್ಟ್ ಆಗದಿದ್ದರೆ ಏನು ಹೇಳೋದು?

ಇವತ್ತು ಸಂಜೆಯೇ ಹೇಳಿ. ರಿಸಲ್ಟ್ ಬರಲಿ ಅಂತ ಕಾದು ನಾನು ಒಮ್ಮೆ ಕೆಟ್ಟಿದ್ದೇನೆ.

ಅಪ್ಪನ ಗೆಳೆಯರೊಬ್ಬರು, ನಾನು ಕಾಕಾ ಅನ್ನೋರು, ಒಂದು ಮಷಿನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ನನ್ನ ಹೆಸರು ಕೊಟ್ಟಿದ್ದರು. ಆಫರ್ ಬಂತು. ಇನ್ನೊಂದು ಕಡೆಯದ್ದೂ ನೋಡೋಣ ಅಂತ ನಾಲ್ಕು ದಿನ ಸುಮ್ನೆ ಕೂತೆ. ಕಾಕಾಗೂ ಹೇಳಲಿಲ್ಲ. ಆಮೇಲೆ ಬೇಡ ಅಂತ ಎಚ್ಆರ್‌ಗೆ ಮೇಲ್ ಹಾಕಿದೆ. ಆ ಸುದ್ದಿ ಕಾಕಾಗೆ ತಲುಪಿದ್ದು ಕ್ಯಾಂಟೀನಿನಲ್ಲಿ, ಮ್ಯಾನೇಜರ್ ಬಾಯಿಂದ. "ಒಂದ್ ಮಾತ ಹೇಳಿದ್ರ ಸಾಕಿತ್ತಲ್ಲೋ" ಅಂದರು, ಅಷ್ಟೇ. ಅವರು ಬೈದಿದ್ದರೆ ವಾಸಿ ಇತ್ತು.

ಮುಂದಿನ ಸಲ ಮತ್ತೆ ಅವರೇ ಬೇರೆ ಕಡೆ ಹೆಸರು ಹೇಳಿದರು. (ನಾನಾಗಿದ್ದರೆ ಹೇಳುತ್ತಿರಲಿಲ್ಲ.) ಆ ದಿನ ಮನೆಗೆ ಬಂದವನೇ ಹೀಗೆ ಬರೆದೆ:

"ಕಾಕಾ, ಇಂಟರ್‌ವ್ಯೂ ಆತ್ರಿ. ಕ್ವಾಲಿಟಿ ಮ್ಯಾನೇಜರ್ ಇದ್ರು. ಡ್ರಾಯಿಂಗ್ ಕೊಟ್ಟು ಟಾಲರೆನ್ಸ್ ಕೇಳಿದ್ರು, ಹೇಳಿದೆ. ಬೋರ್ ಗೇಜ್ ಝೀರೊ ಸೆಟ್ ಮಾಡೂದ್ರಾಗ ತಡವರಿಸಿದೆ. ಹತ್ತು ದಿನದಾಗ ತಿಳಸ್ತೀವಿ ಅಂದಾರ. ನಿಮ್ಮಿಂದ ಕರದ್ರು, ಭಾಳ ಉಪಕಾರ ಆತು. ಮುಂದಿಂದು ನಾನ ತಿಳಸ್ತೀನ್ರಿ."

ತಡವರಿಸಿದ್ದನ್ನು ಯಾಕೆ ಬರೆಯಬೇಕು ಅಂತೀರಾ? ಮ್ಯಾನೇಜರ್ ಹೇಗೂ ಅವರ ಕಿವಿಗೆ ಹಾಕುತ್ತಾನೆ. ನಿಮ್ಮಿಂದ ಮೊದಲೇ ಗೊತ್ತಿದ್ದರೆ ಅವರಿಗೆ ಮುಜುಗರ ಆಗಲ್ಲ. "ಒಂದು ಮಾತು ಹೇಳ್ರಿ" ಅಂತ ಮಾತ್ರ ಅದೇ ಮೆಸೇಜಿನಲ್ಲಿ ಸೇರಿಸಬೇಡಿ. ಹಾಗೆ ಮಾಡಿದರೆ ಅದು ಥ್ಯಾಂಕ್ಸ್ ಅನಿಸಲ್ಲ, ಎರಡನೇ ಅರ್ಜಿ ಅನಿಸುತ್ತದೆ.

ಹೇಳಿದ ದಿನ ದಾಟಿದರೆ ಎಚ್ಆರ್‌ಗೆ ನೀವೇ ಮೇಲ್ ಹಾಕಿ. ಅದಕ್ಕೂ ಉತ್ತರ ಬರದಿದ್ದರೆ ಆಗ ಹೆಸರು ಹೇಳಿದವರನ್ನು ಕೇಳಿ.

ಸೆಲೆಕ್ಟ್ ಆದರೆ ಫೋನ್ ಮಾಡಿ, ಸೇರುವ ತಾರೀಖು ಹೇಳಿ. ಕಂಪನಿಯಲ್ಲಿ ರೆಫರಲ್ ಬೋನಸ್ ಇದ್ದರೆ, ಫಾರ್ಮಿನಲ್ಲಿ ಅವರ ಹೆಸರು ಸೇರಿದೆಯೇ ನೋಡಿ. ಆ ದುಡ್ಡು ಸಾಮಾನ್ಯವಾಗಿ ನೀವು ಕೆಲವು ತಿಂಗಳು ಅಲ್ಲಿ ಉಳಿದ ಮೇಲೆಯೇ ಅವರಿಗೆ ಸಿಗೋದು. ಹಾಗಾಗಿ ಬೇಗ ಬಿಡುವ ಯೋಚನೆ ಬಂದರೂ ಅವರಿಗೆ ಮೊದಲು ತಿಳಿಸಬೇಕಾಗುತ್ತದೆ. ಆಫರ್ ಬೇಡ ಅನ್ನೋದಾದರೂ ಎಚ್ಆರ್‌ಗಿಂತ ಮೊದಲು ಅವರಿಗೆ ಹೇಳಿ. ಕುಂದಾ ಡಬ್ಬಿ ಹಿಡಿದು ಹೋಗೋದು ಸೇರಿದ ಮೇಲೆ. ರಿಸಲ್ಟಿಗೆ ಮೊದಲೇ ಒಯ್ದರೆ ಲಂಚದ ಹಾಗೆ ಕಾಣುತ್ತದೆ.

ನನಗೆ ಆ ಸಲ ಕೆಲಸ ಆಗಲಿಲ್ಲ. ಮೇಲ್ ಬಂದ ಅರ್ಧ ಗಂಟೆಗೇ ಬರೆದೆ: "ಕಾಕಾ, ಆಗಲಿಲ್ರಿ. ಬೋರ್ ಗೇಜಿನ್ಯಾಗ ಹೋತು ಅನಸ್ತದ. ನೀವು ಮಾಡಿದ್ದು ಮರಿಯೂದಿಲ್ಲ."

ಉತ್ತರ ಬಂತು: "ಐತಾರ ಮನಿಗೆ ಬಾ. ಗೇಜ್ ತಂದಿಟ್ಟಿರ್ತೀನಿ."