ರೊಟ್ಟಿ ಲೆಕ್ಕದಲ್ಲಿ ಮುರಿದ ರೊಟ್ಟಿ ಎಲ್ಲಿ?

"ಕಲಬುರಗಿಯಲ್ಲಿ ಖಡಕ್ ರೊಟ್ಟಿ ಘಟಕ. 10 ರೊಟ್ಟಿ ಪ್ಯಾಕಿಗೆ ₹60, ಖರ್ಚು ₹36, ತಿಂಗಳ ಸ್ಥಿರ ಖರ್ಚು ₹36,000. 1,500 ಪ್ಯಾಕಿಗೆ ಬ್ರೇಕ್‌ಈವನ್. ಸರಿ ಇದೆಯಾ?"

ಭಾಗಾಕಾರ ಸರಿ ಇದೆ ಅಕ್ಕ, ಪ್ಯಾಕಿಗೆ 60 − 36 = ₹24 ಉಳಿಯುತ್ತೆ ಅನ್ನೋದನ್ನ ಮಾತ್ರ ನಂಬೋ ಹಾಗಿಲ್ಲ. ಅಂಗಡಿಯವರು ಸುಮ್ನೆ ಇಟ್ಟುಕೊಳ್ಳಲ್ಲ, ಶೇ. 10 ಕಮಿಷನ್ ಅಂದರೂ ಪ್ಯಾಕಿಗೆ ₹6 ಹೋಯ್ತು. ಆಮೇಲೆ ಖಡಕ್ ರೊಟ್ಟಿ ಮುರಿಯುತ್ತೆ. ನೂರು ಪ್ಯಾಕಲ್ಲಿ ಹತ್ತು ಹಾಳಾದರೆ ಆ ಹತ್ತರ ಹಿಟ್ಟು, ಗ್ಯಾಸ್, ಬಡಿಯೋ ಕೂಲಿ ಎಲ್ಲಾ ಉಳಿದ ತೊಂಬತ್ತರ ಮೇಲೇ ಬೀಳುತ್ತೆ, ಅಂದರೆ ಮಾರಿದ ಪ್ಯಾಕಿನ ಖರ್ಚು 36 ÷ 0.9 = ₹40. ಉಳಿಯೋದು 60 − 6 − 40 = ₹14. ಈಗ 36,000 ÷ 14, ಸುಮಾರು 2,572 ಪ್ಯಾಕ್. ನೀವು ಹೇಳಿದ 1,500ಕ್ಕೆ ತಿಂಗಳಿಗೆ ₹15,000 ನಷ್ಟ.

ಇದನ್ನು ನಿಮ್ಮ ಒಲೆಗಳ ಜೊತೆ ಹೋಲಿಸಿ. ದಿನಕ್ಕೆ 80 ಪ್ಯಾಕ್, 26 ದಿನ ಅಂದುಕೊಂಡರೆ 2,080. ಮುರಿದದ್ದು ಕಳೆದರೆ ಮಾರೋಕೆ ಸಿಗೋದು 1,872. ಬೇಕಾದ 2,572 ಪ್ಯಾಕ್ ನಿಮ್ಮಲ್ಲಿ ಆಗೋದೇ ಇಲ್ಲ, ಅಲ್ವಾ? ಬೆಲೆ ₹66 ಮಾಡಿದರೆ ಬ್ರೇಕ್‌ಈವನ್ 1,856ಕ್ಕೆ ಇಳಿಯುತ್ತೆ, ಆದರೆ ನಡುವೆ ಇರೋದು ಬರೀ 16 ಪ್ಯಾಕ್. ಮೊದಲು ಒಂದು ವಾರ ಮುರಿದದ್ದನ್ನು ಎಣಿಸಿ ಬರೆದಿಡಿ, ನನ್ನ ಹತ್ತು ಬರೀ ಅಂದಾಜು.